ಬಿಟ್‌ರೇಟ್ 96ಕ್ಕೆ ಏರಿಸಿದ ಮೇಲೆ ಓಪಸ್ ಕರೆ ಇನ್ನಷ್ಟು ಕೆಟ್ಟಿದೆ, ಕಾರಣವೇನು?

ಸಿದ್ದಾಪುರ_ತೋಟ
ತೋಟದ ಮನೆಯಿಂದ ಮಡಿಕೇರಿಯಲ್ಲಿರುವ ತಮ್ಮನೊಂದಿಗೆ ನಮ್ಮದೇ ವಾಯ್ಸ್ ಸರ್ವರ್ ಮೂಲಕ ಮಾತನಾಡುತ್ತೇನೆ. ಈಗ ಕಾಫಿ ಕೊಯ್ಲಿನ ಸಮಯವಾದ್ದರಿಂದ ಪ್ರತಿದಿನ ಸಂಜೆ ಚೀಲಗಳ ಲೆಕ್ಕ ಹೇಳಬೇಕಾಗುತ್ತದೆ. ಮೊನ್ನೆ ನಾನು "ಅರವತ್ತೇಳು ಚೀಲ" ಎಂದದ್ದು ಅವನಿಗೆ "ಅವತ್ತು ಏಳು ಚೀಲ" ಎಂದು ಕೇಳಿಸಿ, ಲೆಕ್ಕವೇ ತಪ್ಪಿಹೋಯಿತು. ಸ್ಪಷ್ಟತೆ ಸಾಲದೆಂದು, ಧ್ವನಿಯನ್ನು ಹಿಂಡಿ ಕಳುಹಿಸುವ ಓಪಸ್ ಕೋಡೆಕ್‌ನ ಬಿಟ್‌ರೇಟನ್ನು 24ರಿಂದ 96 ಕೆಬಿಪಿಎಸ್‌ಗೆ ಏರಿಸಿದೆ. ಈಗ ಮೊದಲಿಗಿಂತಲೂ ಹೆಚ್ಚು ತುಂಡಾಗುತ್ತಿದೆ. ಕಳೆದುಹೋದ ಪ್ಯಾಕೆಟ್‌ನ ಮಾತನ್ನು ಮರಳಿ ಪಡೆಯಲು ಇರುವ ಎಫ್‌ಇಸಿ ಆನ್ ಇದೆ, ಮೈಕ್ ಹೊಸದು. ಎರಡು ದಿನಗಳಿಂದ ಇದೇ ಕೆಲಸವಾಗಿದೆ, ದಯವಿಟ್ಟು ಯಾರಾದರೂ ತಿಳಿಸಿ.

ಸೋಮವಾರಪೇಟೆ_ರೇಡಿಯೊ
ಓಪಸ್ ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ. ಧ್ವನಿಯನ್ನು ಇಷ್ಟು ಹಿಂಡಿದರೆ ಅಕ್ಷರಗಳು ಉಳಿಯುವುದಾದರೂ ಹೇಗೆ? ಜಿ.711 ಹಾಕಿ ನೋಡಿ. ಹಳೆಯದಾದರೂ ಅದು ಮಾತನ್ನು ಬಹುತೇಕ ಇದ್ದ ಹಾಗೆಯೇ ಕಳುಹಿಸುತ್ತದೆ.

ವಿರಾಜಪೇಟೆ_ವೀಣೆ
ನಾನು ಆನ್‌ಲೈನ್‌ನಲ್ಲಿ ವೀಣೆ ಪಾಠ ಹೇಳುತ್ತೇನೆ. 24ರಲ್ಲಿ ತಂತಿಯ ನಾದ ಮಂಕಾಗಿ ಕೇಳುತ್ತಿತ್ತು, 96 ಮಾಡಿದ ಮೇಲೆ ಗಮಕಗಳೂ ಸ್ಪಷ್ಟವಾಗಿವೆ. ಆದ್ದರಿಂದ ನೀವು 96ರಿಂದ ಕೆಳಗಿಳಿಯಬೇಡಿ. ನಮ್ಮ ಮನೆಗೆ ಫೈಬರ್ ಸಂಪರ್ಕವಿದೆ.

ಕುಶಾಲನಗರ_ನೆಟ್
ತೋಟದವರೇ, ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದ ಮೂರು ಸಂಗತಿಗಳಿಲ್ಲ. ನಿಮ್ಮ ಸಂಪರ್ಕ ಯಾವುದು, ಯಾವ ದಿಕ್ಕಿನ ಧ್ವನಿ ತುಂಡಾಗುತ್ತಿದೆ, ಮತ್ತು ಕರೆ ನಡೆಯುತ್ತಿರುವಾಗ ಆ್ಯಪ್ ತೋರಿಸುವ ಪ್ಯಾಕೆಟ್ ನಷ್ಟ ಎಷ್ಟು?

ರೇಡಿಯೊ ಅವರೇ, ಜಿ.711 ಸೆಕೆಂಡಿಗೆ 64 ಕಿಲೋಬಿಟ್ ಬಳಸಿಯೂ ಹಳೆಯ ದೂರವಾಣಿಯಂತೆ ಸುಮಾರು 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಒಯ್ಯುತ್ತದೆ. ಸಕಾರದ ಸಿಳ್ಳು ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ಅದು ಅಲ್ಲಿಯೇ ಕಳೆದುಹೋಗುತ್ತದೆ. ಓಪಸ್ 24ರಲ್ಲಿಯೇ 8000 ಹರ್ಟ್ಸ್‌ ತಲುಪುತ್ತದೆ.

ಸಿದ್ದಾಪುರ_ತೋಟ
ಹೇಳದಿದ್ದುದು ನನ್ನ ತಪ್ಪು. ಕಿಟಕಿಯ ಬಳಿ ಇಟ್ಟಿರುವ 4ಜಿ ರೌಟರ್ ನಮ್ಮ ಸಂಪರ್ಕ, ಸಿಗ್ನಲ್ ಒಂದೇ ಕಡ್ಡಿ. ತಮ್ಮನ ಮಾತು ನನಗೆ ಚೆನ್ನಾಗಿಯೇ ಕೇಳುತ್ತದೆ, ನನ್ನ ಮಾತು ಮಾತ್ರ ಅವನಿಗೆ ತುಂಡಾಗುತ್ತದೆ. ಅವನ ಕಡೆ 9 ಶೇಕಡಾ ನಷ್ಟ ತೋರಿಸುತ್ತಿದೆ. ಲಾಗ್‌ನಲ್ಲಿ `useinbandfec=1` ಇದೆ. ನನ್ನ ಆ್ಯಪ್‌ನಲ್ಲಿ "ನಿರೀಕ್ಷಿತ ನಷ್ಟ" ಎಂಬ ಅಂಕಣವೂ ಇದೆ. ನಷ್ಟ ಆಗಬಾರದಲ್ಲವೇ ಎಂದು ಅದನ್ನು 0 ಆಗಿಯೇ ಬಿಟ್ಟಿದ್ದೇನೆ.

ಕುಶಾಲನಗರ_ನೆಟ್
ತೊಂದರೆ ಅಲ್ಲಿಯೇ ಇದೆ. `useinbandfec=1` ಎಂಬುದು ನಿಮ್ಮ ತಮ್ಮನ ಫೋನ್ "ಅಂತಹ ಪ್ಯಾಕೆಟ್ ಬಂದರೆ ನಾನು ಬಳಸಿಕೊಳ್ಳಬಲ್ಲೆ" ಎಂದು ತಿಳಿಸುವ ಮಾತು ಮಾತ್ರ. ಕಳುಹಿಸುವ ನಿಮ್ಮ ಎನ್‌ಕೋಡರ್‌ಗೆ ನಷ್ಟ 0 ಎಂದು ಹೇಳಿದ್ದರೆ, ಎಫ್‌ಇಸಿ ಆನ್ ಇದ್ದರೂ ಅದು ಹಿಂದಿನ ತುಣುಕಿನ ನಕಲನ್ನು ಪ್ಯಾಕೆಟ್‌ಗೆ ಸೇರಿಸುವುದೇ ಇಲ್ಲ. ಅದಲ್ಲದೆ ಓಪಸ್‌ನೊಳಗೆ ಎರಡು ಯಂತ್ರಗಳಿವೆ. ಮಾತಿಗಾಗಿ ಸಿಲ್ಕ್, ಸಂಗೀತ ಮತ್ತು ಹೆಚ್ಚಿನ ಬಿಟ್‌ರೇಟಿಗಾಗಿ ಸೆಲ್ಟ್. ಈ ನಕಲು ಇಡುವ ವ್ಯವಸ್ಥೆ ಇರುವುದು ಸಿಲ್ಕ್ ಭಾಗದಲ್ಲಿ. ನಷ್ಟ 0 ಎಂದಿಟ್ಟು 96ಕ್ಕೆ ಏರಿಸಿದಾಗ ಎನ್‌ಕೋಡರ್ ಸೆಲ್ಟ್‌ಗೆ ಹೊರಳುತ್ತದೆ, ಹಾಗಾಗಿ ರಕ್ಷಣೆ ಎರಡು ಕಾರಣಗಳಿಂದ ಇಲ್ಲವಾಗಿದೆ.

ಇನ್ನು ಹೊರೆಯ ಲೆಕ್ಕ. ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಅಂದರೆ ಸೆಕೆಂಡಿಗೆ 50. ಪ್ರತಿಯೊಂದಕ್ಕೂ ಐಪಿ, ಯುಡಿಪಿ, ಆರ್‌ಟಿಪಿ ವಿಳಾಸಗಳ 40 ಬೈಟ್ ಸೇರುತ್ತದೆ. 24 ಕೆಬಿಪಿಎಸ್‌ನಲ್ಲಿ ಧ್ವನಿಯ 60 ಬೈಟ್‌ಗೆ ಈ 40 ಸೇರಿ ದಾರಿಯ ಮೇಲೆ 40 ಕೆಬಿಪಿಎಸ್ ಆಗುತ್ತದೆ, 96ರಲ್ಲಿ ಅದೇ 112 ಆಗುತ್ತದೆ. ಒಂದು ಕಡ್ಡಿ ಸಿಗ್ನಲ್‌ನಲ್ಲಿ ಮೇಲ್ಮುಖ ದಾರಿಯೇ ಮೊದಲು ಸೋಲುವುದು, ಏಕೆಂದರೆ ಟವರಿನ ಶಕ್ತಿ ನಿಮ್ಮ ಪುಟ್ಟ ರೌಟರಿಗಿಲ್ಲ. ಪ್ಯಾಕೆಟ್‌ಗಳು ಸಾಲಿನಲ್ಲಿ ನಿಂತು ತಡವಾಗಿ ತಲುಪುತ್ತವೆ. ತಡವಾಗಿ ಬಂದದ್ದನ್ನು ಆ ಕಡೆಯ ಫೋನ್ ಕಳೆದುಹೋದದ್ದೆಂದೇ ಎಣಿಸುತ್ತದೆ.

ಈಗ "ಅರವತ್ತು" ಏಕೆ "ಅವತ್ತು" ಆಯಿತು ನೋಡಿ. ಕನ್ನಡದ ರಕಾರದಲ್ಲಿ ನಾಲಿಗೆ ಅಂಗುಳಕ್ಕೆ ತಾಗುವುದು ಕ್ಷಣಮಾತ್ರ, ಸುಮಾರು ಒಂದು ಪ್ಯಾಕೆಟ್ಟಿನಷ್ಟೇ ಕಾಲ. ಆ ಪ್ಯಾಕೆಟ್ ಹೋದರೆ, ಖಾಲಿ ಜಾಗವನ್ನು ತುಂಬಲು ಡಿಕೋಡರ್ ಹಿಂದಿನ ಅಕಾರವನ್ನೇ ಎಳೆಯುತ್ತದೆ, ರಕಾರ ಮಾಯವಾಗುತ್ತದೆ. ಬಿಟ್‌ರೇಟ್ ಕಡಿಮೆಯಾದಾಗ ಆಗುವ ತೊಂದರೆ ಬೇರೆ ಬಗೆಯದು. ಆಗ ಇಡೀ ಮಾತು ಒಂದೇ ಸಮನೆ ಮಂಕಾಗಿ, ಶ ಮತ್ತು ಸ ಒಂದೇ ರೀತಿ ಕೇಳುತ್ತವೆ, ಆದರೆ ತುಂಡಾಗುವುದಿಲ್ಲ. ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿ:

```
opusenc --speech --bitrate 8 lekka.wav l8.opus
opusenc --speech --bitrate 24 lekka.wav l24.opus
opusdec --packet-loss 9 l24.opus tundu.wav
```

ನನ್ನ ಸಲಹೆ: ಬಿಟ್‌ರೇಟ್ 24, ನಿರೀಕ್ಷಿತ ನಷ್ಟ 10. ಇನ್ನೂ ಕೆಳಗೆ ಹೋಗಬೇಡಿ, ಏಕೆಂದರೆ ನಕಲಿಗೆ ಬೇಕಾದ ಬಿಟ್‌ಗಳೂ ಇದೇ 24ರಿಂದಲೇ ಹೋಗುತ್ತವೆ. 12ರಲ್ಲಿ ಇದನ್ನೇ ಮಾಡಿದರೆ ಮುಖ್ಯ ಧ್ವನಿಯೇ ಮಂಕಾಗುತ್ತದೆ.

ಸೋಮವಾರಪೇಟೆ_ರೇಡಿಯೊ
ಜಿ.711 ವಿಷಯ ಒಪ್ಪುತ್ತೇನೆ. ಆದರೆ ವಿಳಾಸದ 40 ಬೈಟ್ ಅಷ್ಟು ದುಬಾರಿಯಾಗಿದ್ದರೆ ಪ್ಯಾಕೆಟನ್ನು 60 ಮಿಲಿಸೆಕೆಂಡ್ ಮಾಡಬಹುದಲ್ಲ? ಲೆಕ್ಕ ಹಾಕಿದೆ: 24ರಲ್ಲಿ ದಾರಿಯ ಹೊರೆ 40ರಿಂದ ಸುಮಾರು 29ಕ್ಕೆ ಇಳಿಯುತ್ತದೆ.

ಕುಶಾಲನಗರ_ನೆಟ್
ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ಆಗ ಒಂದು ಪ್ಯಾಕೆಟ್ ಹೋದರೆ 60 ಮಿಲಿಸೆಕೆಂಡ್ ಮಾತು ಹೋಗುತ್ತದೆ, ರಕಾರದ ಜೊತೆಗೆ ಅದರ ಅಕ್ಕಪಕ್ಕದ ಸ್ವರಗಳೂ. ಕಳೆದುಹೋದದ್ದರ ನಕಲು ಮುಂದಿನ ಪ್ಯಾಕೆಟ್‌ನಲ್ಲಿ ಇರುವುದರಿಂದ ಅದಕ್ಕಾಗಿ ಇನ್ನೂ 60 ಮಿಲಿಸೆಕೆಂಡ್ ಕಾಯಬೇಕು. 20ರ ಪ್ಯಾಕೆಟ್ಟಿನಲ್ಲಿ ಓಪಸ್‌ನ ಸ್ವಂತ ವಿಳಂಬ ಕೇವಲ 26.5 ಮಿಲಿಸೆಕೆಂಡ್, ಕರೆಗೆ ಅದು ಹೇಳಿಮಾಡಿಸಿದಂತಿರಲು ಇದೇ ಮುಖ್ಯ ಕಾರಣ. ಅದನ್ನು ಕೈಯಾರೆ ಕಳೆದುಕೊಳ್ಳುವುದು ಏಕೆ?

ಸೋಮವಾರಪೇಟೆ_ರೇಡಿಯೊ
ಹಾಗಾದರೆ 40? ಹೊರೆ 32 ಆಗುತ್ತದೆ. ನಷ್ಟಕ್ಕೆ ಕಾರಣವೇ ಹೊರೆಯಾಗಿರುವಾಗ ಹೊರೆಯನ್ನು ಇಳಿಸುವುದೇ ಮೊದಲ ಕೆಲಸ ಎಂದು ನಾನು ಈಗಲೂ ನಂಬುತ್ತೇನೆ.

ಕುಶಾಲನಗರ_ನೆಟ್
40ರ ಬಗ್ಗೆ ನಾನು ವಾದಿಸುವುದಿಲ್ಲ. ಆ ಜಾಗದಲ್ಲಿಯೇ ಪರೀಕ್ಷಿಸಿ ನೋಡಬೇಕು.

ವಿರಾಜಪೇಟೆ_ವೀಣೆ
ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಫೈಬರಿನ ಅನುಭವವನ್ನು ಒಂದು ಕಡ್ಡಿ ಸಿಗ್ನಲ್‌ಗೆ ಅನ್ವಯಿಸಿದ್ದು ಸರಿಯಾಗಲಿಲ್ಲ. ಆದರೆ ಒಂದು ಪ್ರಶ್ನೆ: ನನ್ನ ಶಿಷ್ಯೆಯೊಬ್ಬಳು ಭಾಗಮಂಡಲದಿಂದ 4ಜಿಯಲ್ಲಿ ಪಾಠ ಕೇಳುತ್ತಾಳೆ. ಎಫ್‌ಇಸಿ ಸಿಲ್ಕ್‌ನಲ್ಲಿ ಮಾತ್ರ ಎಂದರೆ ವೀಣೆಯ ನಾದಕ್ಕೆ ಯಾವ ರಕ್ಷಣೆ ಇದೆ?

ಸಿದ್ದಾಪುರ_ತೋಟ
ನಿನ್ನೆ ಸಂಜೆ 24, ನಿರೀಕ್ಷಿತ ನಷ್ಟ 10, ಪ್ಯಾಕೆಟ್ 20 ಎಂದಿಟ್ಟು ಕರೆ ಮಾಡಿದೆ. ನಷ್ಟ 9ರಿಂದ 3 ಶೇಕಡಾಕ್ಕೆ ಇಳಿಯಿತು. "ಅರವತ್ತೇಳು", "ಅರವತ್ತಾರು", "ಇಪ್ಪತ್ತಾರು" ಎಂದು ಬೇಕೆಂದೇ ಹತ್ತು ಬಾರಿ ಹೇಳಿದೆ, ತಮ್ಮ ಒಂದನ್ನೂ ತಪ್ಪದೆ ಬರೆದುಕೊಂಡ. ಆಮೇಲೆ ನೀವು ಹೇಳಿದಂತೆ ರೆಕಾರ್ಡ್ ಮಾಡಿ ಕೇಳಿದೆ. 8ರಲ್ಲಿ ದನಿ ಮಂಕಾಗಿದ್ದರೂ ಲೆಕ್ಕ ಪೂರ್ತಿ ಇದೆ, `tundu.wav`ನಲ್ಲಿ ದನಿ ಚೆನ್ನಾಗಿದ್ದು ಅಕ್ಷರಗಳು ಬಿದ್ದುಹೋಗಿವೆ. ನಮ್ಮ ಕರೆಯಲ್ಲಿ ಆಗುತ್ತಿದ್ದದ್ದು ಎರಡನೆಯದೇ.

ಆದರೆ ಏಳರಿಂದ ಎಂಟು ಗಂಟೆಯ ನಡುವೆ, ಎಲ್ಲರೂ ಫೋನ್ ಹಿಡಿಯುವ ಹೊತ್ತಿನಲ್ಲಿ, ಅರ್ಧ ಸೆಕೆಂಡಿನಷ್ಟು ಮಾತು ಒಟ್ಟಿಗೆ ಹೋಗುವುದು ಹಾಗೆಯೇ ಇದೆ.

ಕುಶಾಲನಗರ_ನೆಟ್
ಅದನ್ನು ಈ ಎಫ್‌ಇಸಿ ಸರಿಪಡಿಸಲಾರದು. ಮುಂದಿನ ಪ್ಯಾಕೆಟ್ ಹಿಂದಿನ ಒಂದರ ನಕಲನ್ನು ಮಾತ್ರ ಹೊತ್ತಿರುತ್ತದೆ, ಸಾಲಾಗಿ ಇಪ್ಪತ್ತೈದು ಹೋದರೆ ಕೊನೆಯ ಒಂದಷ್ಟೇ ಸಿಗುತ್ತದೆ. ರೌಟರನ್ನು ಟವರಿನ ದಿಕ್ಕಿನ ಕಿಟಕಿಗೆ ಬದಲಿಸಿ, ಸಾಧ್ಯವಾದರೆ ಹೊರಗಿನ ಆ್ಯಂಟೆನಾ ಹಾಕಿ, ಅದೇ ಹೊತ್ತಿನಲ್ಲಿ ಮತ್ತೆ ಅಳೆದು ತಿಳಿಸಿ. ವೀಣೆಯವರ ಪ್ರಶ್ನೆ ಬೇರೆ ಚರ್ಚೆಗೆ ಸೇರುವಂಥದ್ದು, ಅದನ್ನು ಪ್ರತ್ಯೇಕವಾಗಿ ಹಾಕಿ.

ಸೋಮವಾರಪೇಟೆ_ರೇಡಿಯೊ
ಆ್ಯಂಟೆನಾ ವಿಷಯಕ್ಕೆ ನಾನಿದ್ದೇನೆ. ತೋಟದವರೇ, ಟವರ್ ನಿಮ್ಮ ಮನೆಯಿಂದ ಯಾವ ದಿಕ್ಕಿಗಿದೆ, ನಡುವೆ ಸಿಲ್ವರ್ ಓಕ್ ಮರಗಳಿವೆಯೇ ಎಂಬುದನ್ನು ತಿಳಿಸಿ. ಜೊತೆಗೆ 40 ಮಿಲಿಸೆಕೆಂಡನ್ನೂ ಒಮ್ಮೆ ಪ್ರಯತ್ನಿಸಿ ನೋಡಿ.