ಅಪ್‌ಡೇಟ್: ಎಸಿ ಲೈನ್ ಕೊಟೇಶನ್‌ನಲ್ಲಿ ಮೂರು ಕಾಯಿಲ್ ವೈರ್

ನನ್ನ ಪ್ರಶ್ನೆ: "ಒಂದೇ ಎಸಿ ಪಾಯಿಂಟ್‌ಗೆ ಎಲೆಕ್ಟ್ರಿಷಿಯನ್ 90 ಮೀಟರ್‌ನ ಮೂರು ಕಾಯಿಲ್ ವೈರ್ ಬರೆದಿದ್ದಾರೆ. ಇದು ಜಾಸ್ತಿ ಅಲ್ವಾ?"

ಅಪ್‌ಡೇಟ್: ಹೌದು, ಜಾಸ್ತಿನೇ. ನನ್ನ ಪ್ರಶ್ನೆಗೆ ಉತ್ತರವಾಗಿ ನೀವು ಹೇಳಿದ ಹಾಗೆ ಪೈಪ್ ಹೋಗುವ ದಾರಿಯಲ್ಲೇ ಟೇಪ್ ಹಿಡಿದು ಅಳೆದೆ. ಮನೆಯ ಕರೆಂಟ್ ಹಂಚುವ ಡಿಬಿ ಬಾಕ್ಸಿನಿಂದ ಗೋಡೆ ಹತ್ತಿ, ಸೀಲಿಂಗ್ ಪಕ್ಕದಲ್ಲಿ ಸಾಗಿ, ಎಸಿ ಸ್ವಿಚ್‌ವರೆಗೆ 14 ಮೀಟರ್. ಫೇಸ್, ನ್ಯೂಟ್ರಲ್, ಅರ್ತ್ ಮೂರೂ ವೈರ್ ಸೇರಿ 42. ತುದಿಗಳಿಗೆ ಅಂತ ಒಂದೊಂದು ವೈರ್‌ಗೆ ಒಟ್ಟು ಎರಡು ಮೀಟರ್ ಬಿಟ್ಟರೂ 48. ಅವರು ಬರೆದಿದ್ದು 270!

ಕೇಳಿದೆ. "ಮೂರು ಬಣ್ಣ ಬೇಕಲ್ಲ ಸರ್, ಮೂರು ಕಾಯಿಲ್" ಅಂದರು. ಬಣ್ಣದ ಮಾತು ಸರಿ. ಆದರೆ ನಮ್ಮ ಬೀದಿಯ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲೂ ಕತ್ತರಿಸಿ ಕೊಡುತ್ತಾರೆ. ಬಣ್ಣಕ್ಕೆ 16 ಮೀಟರ್‌ನಂತೆ ನಾನೇ ತಂದೆ.

ಕೂಲಿಯಲ್ಲೂ ಒಂದು ಸಿಕ್ಕಿತು. ಪಾಯಿಂಟ್ ರೇಟ್‌ನಲ್ಲಿ ಗೋಡೆ ಕೊರೆಯುವುದೂ ಸೇರಿದೆ ಅಂತ ಮೇಲೆ ಬರೆದು, ಕೆಳಗೆ "ಗೋಡೆ ಕಟಿಂಗ್" ಮತ್ತೆ ಹಾಕಿದ್ದರು. ತೋರಿಸಿದ ತಕ್ಷಣ ಹೊಡೆದು ಹಾಕಿದರು. ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದಾರೆ.