ಒಂದು ಮರಿ ಮಾತ್ರ ಕಣ್ಣು ಬಿಟ್ಟಿಲ್ಲ

ಕೇಳಿದವರು, ದಾವಣಗೆರೆ ಪಿ.ಜೆ. ಬಡಾವಣೆ:
ನಮ್ಮ ಅಟ್ಟದ ಮೇಲೆ ಖಾಲಿ ಮಂಡಕ್ಕಿ ಚೀಲಗಳ ಸಂದಿಯಲ್ಲಿ ಬೀದಿ ಬೆಕ್ಕು ಮೂರು ಮರಿ ಹಾಕಿದೆ. ಯಾವತ್ತು ಹಾಕಿತೋ ಗೊತ್ತಿಲ್ಲ. ಎರಡು ಕಣ್ಣು ಬಿಟ್ಟಿವೆ, ಒಂದು ಬಿಟ್ಟಿಲ್ಲ. ಎಷ್ಟು ದಿನದವು ಇರಬಹುದು? ಹಲ್ಲು ಯಾವಾಗ, ನಡೆಯೋದು ಯಾವಾಗ? ಸಾಕಿದವರು ಹೇಳಿ.

ದಾವಣಗೆರೆ ಹಳೇಪೇಟೆಯವರು:
ನಮ್ಮಜ್ಜಿ ಒಂಬತ್ತು ದಿನಕ್ಕೆ ಕಣ್ಣು ಬಿಡ್ತವೆ ಅಂತಿದ್ದರು. ಬಿಡದಿದ್ದರೆ ಒಂದು ತೊಟ್ಟು ಹರಳೆಣ್ಣೆ ಹಚ್ಚಿ ಬೆರಳಲ್ಲಿ ಬಿಡಿಸಬೇಕು. ನೀವು ಸುಮ್ನೆ ಮುಟ್ಟಿ ನೋಡ್ತಾ ಇದ್ದರೆ ತಾಯಿ ಏಳು ಮನೆ ತಿರುಗಿಸುತ್ತೆ, ನೋಡಿಕೊಳ್ಳಿ.

ಚಿತ್ರದುರ್ಗದಿಂದ, ಹದಿನೈದು ವರ್ಷದಿಂದ ಅನಾಥ ಮರಿ ಸಾಕುತ್ತಿರುವ ಅಕ್ಕ:
ಅಜ್ಜಿ ಲೆಕ್ಕ ಹೆಚ್ಚುಕಮ್ಮಿ ಸರಿ, 7ರಿಂದ 14 ದಿನದೊಳಗೆ ಬಿಡ್ತವೆ. ಆದರೆ ಬೆರಳಲ್ಲಿ ಬಿಡಿಸೋದು ಮಾತ್ರ ಬೇಡವೇ ಬೇಡ. ರೆಪ್ಪೆ ಮೂಗಿನ ಕಡೆಯಿಂದ ತಾನೇ ಸೀಳುತ್ತಾ ಬರುತ್ತೆ, ಒಂದು ಕಣ್ಣು ಇವತ್ತು ಬಿಟ್ಟು ಇನ್ನೊಂದು ಎರಡು ದಿನ ತಡ ಮಾಡೋದೂ ಉಂಟು. ಹಾಗಾಗಿ ತಡ ಆಯ್ತು ಅನ್ನೋದಕ್ಕಿಂತ ಆ ಮುಚ್ಚಿದ ರೆಪ್ಪೆ ಹೇಗಿದೆ ನೋಡಿ. ಚಪ್ಪಟೆಯಾಗಿದ್ದರೆ ಕಾಯಿರಿ. ಒಳಗೆ ಕಡಲೆಕಾಳು ಇಟ್ಟ ಹಾಗೆ ಉಬ್ಬಿದ್ದರೆ, ಮೂಲೆಯಲ್ಲಿ ಹಳದಿ ಪಿಸುರು ಕಂಡರೆ, ಒಳಗೆ ಕೀವು ತುಂಬಿದೆ ಅಂತ. ಅದಕ್ಕೆ ಕಾಯಬಾರದು, ಬಿಟ್ಟರೆ ಕಣ್ಣೇ ಹೋಗುತ್ತೆ.

ದಿನ ಲೆಕ್ಕ ಹಾಕೋಕೆ ಕಣ್ಣು ಬಿಟ್ಟ ಎರಡು ಮರಿಗಳ ಬಾಯಿ ನೋಡಿ. ಕಿರುಬೆರಳಿನಿಂದ ಮುಂದಿನ ಒಸಡು ಸವರಿದರೆ ನುಣ್ಣಗಿದ್ದರೆ ಎರಡು ವಾರದ ಆಸುಪಾಸು. ಅಕ್ಕಿ ನುಚ್ಚಿನಂಥ ಚುಕ್ಕಿ ಸಿಕ್ಕರೆ ಮೂರನೇ ವಾರ ನಡೀತಿದೆ. ಪಕ್ಕದ ಕೋರೆಹಲ್ಲು ಮೂರು-ನಾಲ್ಕು ವಾರಕ್ಕೆ ಬರುತ್ತೆ, ದವಡೆ ಹಲ್ಲು ಆಮೇಲೆ. ಕಣ್ಣಿನ ಬಣ್ಣ ನೋಡಿ ಮೋಸ ಹೋಗಬೇಡಿ, ಮೊದಲು ಎಲ್ಲ ಮರಿಗಳದ್ದೂ ನೀಲಿಯೇ.

ಹರಿಹರದವರು:
ನಮ್ಮ ಬೆಕ್ಕಿಗೂ ಹಲ್ಲಿನ ತೊಂದರೆ. ಐದು ತಿಂಗಳಾಗಿದೆ, ನಿನ್ನೆ ಚಾಪೆ ಮೇಲೆ ಒಂದು ಹಲ್ಲು ಬಿದ್ದಿತ್ತು. ಕ್ಯಾಲ್ಸಿಯಂ ಕೊಡಬೇಕಾ?

ಚಿತ್ರದುರ್ಗದ ಅಕ್ಕ:
ಇಲ್ಲಿ ಕೇಳಿದ್ದು ಹಸುಗೂಸುಗಳ ವಿಷಯ ಅಣ್ಣ. ನಿಮ್ಮದು ಹಾಲುಹಲ್ಲು ಬಿದ್ದಿದೆ ಅಷ್ಟೇ, ಆ ವಯಸ್ಸಿಗೆ ಬೀಳಲೇಬೇಕು.

ಕೇಳಿದವರು:
ಅಕ್ಕ, ಒಸಡು ನುಣ್ಣಗಿದೆ. ಮೂರನೇದರ ಎಡಗಣ್ಣು ನೀವು ಹೇಳಿದ ಹಾಗೇ ಉಬ್ಬಿದೆ, ಮೈಯೂ ತಣ್ಣಗಿದೆ. ಒಂದಿಷ್ಟು ಆಕಳ ಹಾಲು ಹಾಕಲಾ?

ಚಿತ್ರದುರ್ಗದ ಅಕ್ಕ:
ಹಾಲು ಬೇಡ. ಮೈ ತಣ್ಣಗಿರುವಾಗ ಹೊಟ್ಟೆಗೆ ಏನು ಹಾಕಿದರೂ ಅರಗಲ್ಲ. ಈ ವಯಸ್ಸಿಗೆ ಅವಕ್ಕೆ ಮೈ ಬಿಸಿ ಇಟ್ಟುಕೊಳ್ಳೋಕೆ ಬರಲ್ಲ, ತಾಯಿಯೇ ಒಲೆ. ಬಾಟಲಿಗೆ ಬಿಸಿ ನೀರು ತುಂಬಿ ಟವೆಲ್ ಸುತ್ತಿ ಒಂದು ಪಕ್ಕಕ್ಕೆ ಇಡಿ, ಸೆಕೆ ಆದರೆ ಮರಿ ಆಚೆ ಸರಿಯೋಕೆ ಜಾಗ ಇರಲಿ. ಮೈ ಬೆಚ್ಚಗಾದ ಮೇಲೆ ತಾಯಿ ಹತ್ತಿರ ಬಿಡಿ. ಆಕಳ ಹಾಲಿಗೆ ಭೇದಿ ಹಿಡಿಯೋದು ಜಾಸ್ತಿ. ಉಗುರು ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯನ್ನು ರೆಪ್ಪೆ ಮೇಲೆ ಎರಡು ನಿಮಿಷ ಇಟ್ಟು ಮೆಲ್ಲಗೆ ಒರೆಸಿ, ಇವತ್ತೇ ಪಶುವೈದ್ಯರಿಗೆ ತೋರಿಸಿ. ಮನೆಯಲ್ಲಿರೋ ಹಳೇ ಕಣ್ಣಿನ ಡ್ರಾಪ್ಸ್ ಹಾಕಬೇಡಿ, ಕೆಲವು ಗಾಯ ಮಾಡ್ತವೆ.

ಇನ್ನೊಂದು, ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ. ಹುಟ್ಟಿದಾಗ 100 ಗ್ರಾಂ ಹತ್ತಿರ ಇರ್ತವೆ, ದಿನಕ್ಕೆ 10 ಗ್ರಾಂ ಏರಿದರೆ ಸಾಕು. ಹೋದ ವರ್ಷ ನನ್ನ ಹತ್ತಿರ ಒಂದು ಕಪ್ಪು ಮರಿ ಎರಡು ದಿನ 190ರಲ್ಲೇ ನಿಂತಿತ್ತು. ನೋಡೋಕೆ ಚೆನ್ನಾಗೇ ಇತ್ತು, ಮೂರನೇ ದಿನ ಭೇದಿ ಶುರು. ತಕ್ಕಡಿ ಮೊದಲೇ ಹೇಳಿತ್ತು, ನಾನೇ ಕೇಳಲಿಲ್ಲ.

ಕೇಳಿದವರು, ಎರಡು ವಾರದ ನಂತರ:
ಡಾಕ್ಟರ್ ಕೀವು ತೆಗೆದು ಮುಲಾಮು ಕೊಟ್ಟರು, ಕಣ್ಣು ಬಿಟ್ಟಿದೆ. ಸ್ವಲ್ಪ ಮಬ್ಬು ಉಳಿದಿದೆ, ಹೋಗುತ್ತೋ ಇಲ್ಲವೋ ಅವರೂ ಹೇಳಲಿಲ್ಲ. ದೊಡ್ಡವೆರಡಕ್ಕೂ ಕೋರೆಹಲ್ಲು ಬಂದಿದೆ. ಮೊದಲ ವಾರ ಕುಡಿದವರ ಥರ ನಾಲ್ಕು ಹೆಜ್ಜೆ ಇಟ್ಟು ಪಕ್ಕಕ್ಕೆ ಬೀಳ್ತಿದ್ದವು, ಈಗ ಬಾಲ ನೆಟ್ಟಗೆ ನಿಲ್ಲಿಸಿಕೊಂಡು ನೇರ ಬರ್ತವೆ, ಮೊನ್ನೆಯಿಂದ ಒಂದರ ಕಿವಿ ಇನ್ನೊಂದು ಕಚ್ಚೋ ಕುಸ್ತಿ. ಚಿಕ್ಕದು ಅವು ಬಂದರೆ ಹಿಂಗಾಲು ಎಳೆದುಕೊಂಡು ಚೀಲದ ಹಿಂದೆ ಸೇರುತ್ತೆ. ಇದು ಹಿಂದುಳಿದಿದೆಯಾ?

ಚಿತ್ರದುರ್ಗದ ಅಕ್ಕ:
ತೂಕ ಏರ್ತಿದ್ದರೆ ಒಂದು ವಾರದ ಹಿಂದುಮುಂದು ಸಹಜ. ಆದರೆ ಹಿಂಗಾಲು ಎಳೆಯೋದು ಅಂದ್ರಲ್ಲ, ಅಲುಗಾಡುತ್ತಾ ಎತ್ತಿ ಇಡುತ್ತಾ, ಇಲ್ಲ ಎತ್ತೋದೇ ಇಲ್ವಾ? ನೆಲ ಟೈಲ್ಸ್ ಆಗಿದ್ದರೆ ಮೊದಲು ಗೋಣಿಚೀಲ ಹಾಸಿ ನಡೆಸಿ ನೋಡಿ, ಜಾರೋದರಿಂದಲೂ ಹಾಗೆ ಕಾಣುತ್ತೆ. ಅದರ ಮೇಲೂ ಎಳೆದರೆ ಡಾಕ್ಟರ್ ಕೈಗೆ ಕೊಡಿ.

ಹಳೇಪೇಟೆಯವರು:
ಇನ್ನೂ ಅದೇ ಅಟ್ಟದಲ್ಲಿ ಇವೆಯಾ? ಏಳು ಮನೆ ತಿರುಗಿಸಲಿಲ್ವಾ?

ಕೇಳಿದವರು:
ಎರಡು ಸಲ ತಿರುಗಿಸಿತು. ಅಟ್ಟದಿಂದ ಮಂಚದ ಕೆಳಗೆ, ಅಲ್ಲಿಂದ ಮತ್ತೆ ಅಟ್ಟಕ್ಕೆ.