ವಾರಕ್ಕೆರಡು ದಿನ ಕುಡಿತ, ಕೊಲೆಸ್ಟ್ರಾಲ್ ಮಾತ್ರೆ, ಟ್ರೈಗ್ಲಿಸರೈಡ್ 412: ಅನುಭವ ಇದ್ದವರು ಹೇಳಿ

ಶಿವಮೊಗ್ಗ 41: ಎಂಟು ತಿಂಗಳಿಂದ ಅಟೋರ್ವಾಸ್ಟಾಟಿನ್ 10 ತಗೊಳ್ತಿದ್ದೇನೆ. ಕುಡಿಯುವುದು ಶನಿವಾರ, ಭಾನುವಾರ ಮಾತ್ರ, ಒಂದೊಂದು ಕ್ವಾರ್ಟರ್. ಎರಡೂ ಸೇರಬಾರದು ಅಂತ ಆ ಎರಡು ರಾತ್ರಿ ಮಾತ್ರೆ ಬಿಡ್ತೇನೆ. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. ಟೋಟಲ್ 198, ಎಚ್‌ಡಿಎಲ್ 36, ಎಲ್‌ಡಿಎಲ್ 80, ಟ್ರೈಗ್ಲಿಸರೈಡ್ 412. ಎಲ್‌ಡಿಎಲ್ ಇಳಿದಿದೆ, ಇದೊಂದು ಯಾಕೆ ಏರಿದೆ? ಡೋಸ್ ಜಾಸ್ತಿ ಮಾಡಿಸಬೇಕಾ?

ದಾವಣಗೆರೆ ಹತ್ತಿ: ತಮ್ಮಾ, ನನ್ನ ಕಥೆ ಕೇಳು. ನನಗೂ ಮಾತ್ರೆ ಇತ್ತು, ರೋಸುವಾಸ್ಟಾಟಿನ್ 10. ಮಾತ್ರೆ ನುಂಗ್ತಿದ್ದೇನಲ್ಲ, ಇನ್ನೇನಾಗುತ್ತೆ ಅನ್ನೋ ಧೈರ್ಯ. ಟ್ರೈಗ್ಲಿಸರೈಡ್ 640 ಬಂದಾಗ ಡಾಕ್ಟರು ಕುಡಿತ ಬಿಡಿ ಅಂದು ಫೆನೋಫೈಬ್ರೇಟ್ ಬರೆದುಕೊಟ್ಟರು. ಒಂದು ಸ್ಟ್ರಿಪ್ ತಗೊಂಡೆ. ಮುಗಿದ ಮೇಲೆ ಮತ್ತೆ ತರಲಿಲ್ಲ.

ಆರು ತಿಂಗಳ ನಂತರ ಅಕ್ಕನ ಮಗನ ಮದುವೆ. ಮೂರು ದಿನ ಎಣ್ಣೆ, ಮಟನ್. ನಾಲ್ಕನೇ ದಿನ ಬೆಳಗಿನ ಜಾವ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯ್ತು. ನೇರ ಬೆನ್ನಿಗೆ ಹೊಡೆಯುತ್ತಿತ್ತು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಗ್ಗಿ ಮಂಡಿ ಹಿಡಿದು ಕೂತರೆ ಸ್ವಲ್ಪ ಕಡಿಮೆ. ನೀರು ಕುಡಿದರೂ ವಾಂತಿ. ಮೊದಲು ಹೋದ ಕ್ಲಿನಿಕ್‌ನಲ್ಲಿ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಸಂಜೆಗೆ ದೊಡ್ಡ ಆಸ್ಪತ್ರೆ. ಅಲ್ಲಿ ಮೇದೋಜೀರಕ ಗ್ರಂಥಿ ಊದಿದೆಯಾ ಅಂತ ನೋಡುವ ಅಮೈಲೇಸ್ ಟೆಸ್ಟ್ ಹೆಚ್ಚುಕಮ್ಮಿ ನಾರ್ಮಲ್ ಬಂತು, ಅದಕ್ಕೇ ಇನ್ನೂ ನಾಲ್ಕು ತಾಸು ಹೋಯ್ತು. ಸಿಟಿ ಸ್ಕ್ಯಾನ್ ಮಾಡಿದ ಮೇಲೆ ಮೇದೋಜೀರಕ ಗ್ರಂಥಿ ಊದಿದೆ ಅಂದರು. ಟ್ರೈಗ್ಲಿಸರೈಡ್ 2,140. ನರ್ಸಮ್ಮ ರಕ್ತದ ಟ್ಯೂಬ್ ತೋರಿಸಿದರು. ಮೇಲೆ ಬೆಣ್ಣೆ ತೇಲಿದ ಹಾಗೆ ಬಿಳಿ ಪದರ, ಕೆಳಗೆ ಗುಲಾಬಿ ಬಣ್ಣದ ಹಾಲು. ಅದು ನನ್ನ ರಕ್ತ ಅಂತ ನಂಬೋಕಾಗಲಿಲ್ಲ.

ಐಸಿಯು ನಾಲ್ಕು ದಿನ, ದಿನಕ್ಕೆ 24,000. ವಾರ್ಡ್ ಆರು ದಿನ, ದಿನಕ್ಕೆ 6,500. ಎರಡು ಸಲ ಸಿಟಿ, 13,000. ಔಷಧಿ, ಗ್ಲೂಕೋಸ್, ಇನ್ಸುಲಿನ್ ಡ್ರಿಪ್, ಟೆಸ್ಟ್ ಎಲ್ಲ ಸೇರಿ 1,38,000. ಒಟ್ಟು 2,86,000. ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಮದ್ಯಪಾನದಿಂದ ಅಂತ ಬರೆದಿತ್ತು, ಅದೊಂದೇ ಸಾಲು ಸಾಕಾಯ್ತು. ಹತ್ತಿ ಮಾರಿದ ದುಡ್ಡು ಅಷ್ಟೂ ಹೋಯ್ತು.

ಕೋಲಾರ 67: ಸುಮ್ನೆ ಹೆದರಿಸಬೇಡಿ ಸ್ವಾಮಿ. 412 ಎಲ್ಲಿ, 2,140 ಎಲ್ಲಿ. ತೊಂದರೆ ಕೊಡುವುದು ಹಾಟ್ ಡ್ರಿಂಕ್ಸ್. ನಾನು ವಿಸ್ಕಿ ಬಿಟ್ಟು ಬೀರ್‌ಗೆ ಬಂದು ಹತ್ತು ವರ್ಷ ಆಯ್ತು. ಸಂಜೆ ಎರಡು ಸ್ಟ್ರಾಂಗ್ ಅಷ್ಟೆ. ಟ್ರೈಗ್ಲಿಸರೈಡ್ 170, ಎಚ್‌ಡಿಎಲ್ 58. ಕುಡಿದರೆ ಒಳ್ಳೆಯ ಕೊಲೆಸ್ಟ್ರಾಲ್ ಏರುತ್ತೆ, ಅದನ್ನು ಯಾರೂ ಹೇಳಲ್ಲ. ಮಾತ್ರೆ ಬಿಟ್ಟೂ ಮೂರು ವರ್ಷ ಆಯ್ತು.

ಹುಬ್ಬಳ್ಳಿ ಲ್ಯಾಬ್: 19 ವರ್ಷದಿಂದ ಲ್ಯಾಬ್‌ನಲ್ಲಿ ಕೆಲಸ. ಸೋಮವಾರ ಬೆಳಿಗ್ಗೆ ಬರುವ ಸ್ಯಾಂಪಲ್ ನೋಡಿಯೇ ಹೇಳಬಹುದು, ಮಷೀನ್‌ನಲ್ಲಿ ತಿರುಗಿಸಿದ ಮೇಲೆ ಸೀರಂ ತಿಳಿ ಹಳದಿ ಇರಬೇಕು, ಇವರದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿರುತ್ತೆ. ಹನ್ನೆರಡು ತಾಸು ಉಪವಾಸ ಇದ್ದೆ ಅಂತಾರೆ. ಹಿಂದಿನ ರಾತ್ರಿ ಕುಡಿದದ್ದು ಉಪವಾಸದಿಂದ ಅಳಿಸಿಹೋಗಲ್ಲ.

ಲಿವರ್‌ಗೆ ಆಲ್ಕೋಹಾಲ್ ಬಂದರೆ ಬೇರೆ ಕೆಲಸ ಎಲ್ಲ ಹಿಂದಕ್ಕೆ. ಮೊದಲು ಅದನ್ನೇ ಸುಡಬೇಕು. ಸುಡುವಾಗ ಒಳಗಿನ ಲೆಕ್ಕಾಚಾರ ತಲೆಕೆಳಗಾಗಿ ಕೊಬ್ಬು ಕರಗುವುದು ನಿಂತು, ಹೊಸ ಕೊಬ್ಬು ಕಟ್ಟುವುದು ಶುರುವಾಗುತ್ತೆ. ಆ ಕೊಬ್ಬನ್ನು ಲಿವರ್ ಮೂಟೆ ಕಟ್ಟಿ ರಕ್ತಕ್ಕೆ ಬಿಡುತ್ತೆ. ಆ ಮೂಟೆಯೇ ನಿಮ್ಮ ರಿಪೋರ್ಟಿನ ಟ್ರೈಗ್ಲಿಸರೈಡ್. ಜೊತೆಗೆ ಕಬಾಬ್ ತಿಂದಿದ್ದರೆ ಅದರ ಕೊಬ್ಬು ಬೇರೆ ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತುತ್ತಿರುತ್ತೆ, ತೆರವು ಮಾಡುವ ಕಿಣ್ವವೂ ಆ ಹೊತ್ತಿಗೆ ನಿಧಾನ.

ಶಿವಮೊಗ್ಗ ಸರ್, ನಿಮ್ಮ ಎಲ್‌ಡಿಎಲ್ 80 ಅಳತೆ ಮಾಡಿದ್ದಲ್ಲ, ಲೆಕ್ಕ ಹಾಕಿದ್ದು. ಟೋಟಲ್‌ನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯುತ್ತಾರೆ. 198ರಲ್ಲಿ 36, ಆಮೇಲೆ 82. ಉಳಿದದ್ದು 80. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬಬಾರದು, ಎಲ್‌ಡಿಎಲ್ ನಿಜಕ್ಕಿಂತ ಕಡಿಮೆ ತೋರಿಸಬಹುದು. ಕುಡಿತ ನಿಮ್ಮ ಒಂದು ಅಂಕಿ ಏರಿಸಿ, ಇನ್ನೊಂದನ್ನು ಚೆಂದ ಮಾಡಿ ತೋರಿಸಿದೆ. ಡೋಸ್ ಮಾತು ಆಮೇಲೆ. ಮೂರು ವಾರ ಒಂದು ಹನಿ ಇಲ್ಲದೆ ಇದ್ದು ಮತ್ತೆ ರಕ್ತ ಕೊಡಿ.

ದಾವಣಗೆರೆಯವರೇ, ರಕ್ತದಲ್ಲಿ ಅಷ್ಟು ಕೊಬ್ಬು ಇದ್ದರೆ ಅಮೈಲೇಸ್ ಟೆಸ್ಟ್ ತಪ್ಪು ತೋರಿಸುತ್ತೆ. ಲೈಪೇಸ್ ಕೂಡ ಮಾಡಿಸಬೇಕಿತ್ತು.

ದಾವಣಗೆರೆ ಹತ್ತಿ: ಇದನ್ನು ಆವತ್ತು ಯಾರೂ ಹೇಳಲಿಲ್ಲ ಸರ್. ನಾಲ್ಕು ತಾಸು ಸ್ಟ್ರೆಚರ್ ಮೇಲೆ ಬಗ್ಗಿ ಕೂತಿದ್ದೆ.

ಅಮ್ಮನ ಮಗಳು: ಈ ಮಾತ್ರೆಗಳನ್ನು ನಂಬಲೇಬೇಡಿ. ನಮ್ಮಮ್ಮ 63, ಅಟೋರ್ವಾ 20 ಶುರು ಮಾಡಿ ಎರಡು ತಿಂಗಳಿಗೆ ತೊಡೆ ನೋವು, ಮೆಟ್ಟಿಲು ಹತ್ತುವಾಗ ಕೈ ಹಿಡಿಯಬೇಕು. ಕುಡಿತ ಇಲ್ಲ, ಕಾಫಿ ಕೂಡ ದಿನಕ್ಕೆ ಒಂದೇ ಲೋಟ. ಎರಡು ಸಲ ಮೂಳೆ ಡಾಕ್ಟರ್ ಹತ್ತಿರ ಹೋಗಿ, ಮಂಡಿ ಎಕ್ಸ್‌ರೇ, ಎಣ್ಣೆ ಮಸಾಜ್, ಎಲ್ಲ ಸೇರಿ 11,400 ಖರ್ಚು. ಬೆಳ್ಳುಳ್ಳಿ ಕೊಡಿ, ಸಾಕು.

ಚಿಕ್ಕಮಗಳೂರು ಮೆಡಿಕಲ್: ಅಕ್ಕಾ, ಅಮ್ಮನ ವಿಷಯ ಬೇರೆ. ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಸಿಕೆ ಟೆಸ್ಟ್ ಮತ್ತು ಥೈರಾಯ್ಡ್ ಮಾಡಿಸಿದ್ದೀರಾ? ಥೈರಾಯ್ಡ್ ಕಡಿಮೆ ಇದ್ದರೆ ಕೊಲೆಸ್ಟ್ರಾಲ್ ಏರುತ್ತೆ, ಈ ಮಾತ್ರೆಗೆ ಸ್ನಾಯು ನೋವೂ ಬೇಗ ಬರುತ್ತೆ. ಬೆಳ್ಳುಳ್ಳಿಗಿಂತ ಮೊದಲು ಅದು.

ನನ್ನ ಅಂಗಡಿಗೆ ಶನಿವಾರ ಸಂಜೆ ಬರುವ ಪ್ರಶ್ನೆ ಇದೇ, ಇವತ್ತು ಪಾರ್ಟಿ, ಮಾತ್ರೆ ಬಿಡಲಾ ಅಂತ. ಮೆಟ್ರೋನಿಡಜೋಲ್ ತಗೊಂಡು ಕುಡಿಯಬೇಡಿ ಅನ್ನುವುದು ಬೇರೆ, ಅದಕ್ಕೆ ವಾಂತಿ, ಎದೆ ಬಡಿತ ಬರಬಹುದು ಅಂತ ಎಚ್ಚರಿಸುತ್ತೇವೆ. ಸ್ಟಾಟಿನ್ ಹಾಗಲ್ಲ. ಒಂದು ರಾತ್ರಿ ಬಿಟ್ಟರೂ ಅಟೋರ್ವಾ ಮೈಯಲ್ಲಿ ಇದ್ದೇ ಇರುತ್ತೆ, ಅದು ಒಂದೇ ರಾತ್ರಿಯಲ್ಲಿ ಖಾಲಿಯಾಗುವ ಮಾತ್ರೆ ಅಲ್ಲ. ಬಿಟ್ಟು ಲಿವರ್ ಉಳಿಸಿದ ಹಾಗೆ ಆಗಲಿಲ್ಲ. ವಾರಕ್ಕೆ ಎರಡು ಅಂದರೆ ತಿಂಗಳಿಗೆ ಎಂಟೊಂಬತ್ತು ಮಾತ್ರೆ ಕಳೆದುಕೊಂಡಿರಿ, ಅಷ್ಟೆ.

ಲಿವರ್ ಟೆಸ್ಟ್ ಕೂಡ ಮಾಡಿಸಿ. ಎಸ್‌ಜಿಒಟಿ ಎಸ್‌ಜಿಪಿಟಿಗಿಂತ ಎರಡು ಪಟ್ಟು ಜಾಸ್ತಿ ಇದ್ದು, ಜಿಜಿಟಿಯೂ ಏರಿದ್ದರೆ ಅದು ಸಾಮಾನ್ಯವಾಗಿ ಕುಡಿತದ ಗುರುತು. ಎಷ್ಟೋ ಜನ ಅದನ್ನು ಮಾತ್ರೆ ತಲೆಗೆ ಕಟ್ಟಿ ಮಾತ್ರೆ ಬಿಟ್ಟುಬಿಡ್ತಾರೆ, ಬಾಟಲಿ ಬಿಡಲ್ಲ. ಕುಡಿತ ಜಾಸ್ತಿ ಇದ್ದವರಿಗೆ ಸ್ಟಾಟಿನ್ ಬರೆಯುವಾಗ ಎಚ್ಚರ ಇರಲಿ ಅಂತ ಮಾತ್ರೆ ಜೊತೆ ಬರುವ ಕಂಪನಿಯ ಮಾಹಿತಿ ಚೀಟಿಯಲ್ಲೇ ಬರೆದಿರುತ್ತಾರೆ. ಸ್ಟಾಟಿನ್‌ನ ಮುಖ್ಯ ಕೆಲಸ ಎಲ್‌ಡಿಎಲ್ ಇಳಿಸುವುದು. ಟ್ರೈಗ್ಲಿಸರೈಡ್ ಸ್ವಲ್ಪ ಇಳಿಸುತ್ತೆ, ಆದರೆ ಪ್ರತಿ ವಾರ ತುಂಬುತ್ತಿದ್ದರೆ ಡೋಸ್ ಎರಡರಷ್ಟು ಮಾಡಿದರೂ ಸಾಲಲ್ಲ.

ಕೋಲಾರದವರೇ, 650 ಎಂಎಲ್ ಸ್ಟ್ರಾಂಗ್ ಬೀರ್ ಶೇಕಡ 8 ಇದ್ದರೆ ಒಂದು ಬಾಟಲಿಗೆ ಸುಮಾರು 41 ಗ್ರಾಂ ಆಲ್ಕೋಹಾಲ್. ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 61. ನಿಮ್ಮ ಎರಡು ಬಾಟಲಿ 82. ನೀವು ಇವರಿಗಿಂತ ಜಾಸ್ತಿ ಕುಡಿತಿದ್ದೀರಿ, ಅದೂ ದಿನಾ.

ಕೋಲಾರ 67: ನನ್ನ ರಿಪೋರ್ಟ್ 170 ಬಂದಿದೆ, ಅದಕ್ಕೇನು ಹೇಳ್ತೀರಿ? ಅಂಗಡಿಯವರು ಮಾತ್ರೆ ಮಾರಬೇಕು, ಅದಕ್ಕೇ ಹೇಳ್ತೀರಿ.

ಚಿಕ್ಕಮಗಳೂರು ಮೆಡಿಕಲ್: ಹತ್ತು ಮಾತ್ರೆ ಮಾರಿ ನನಗೆ ಸಿಗುವುದು ಹತ್ತು ಹದಿನೈದು ರೂಪಾಯಿ. ಆ ಮಾತು ವಾಪಸ್ ತಗೊಳ್ಳಿ. ಎಲ್ಲರ ಮೈಯೂ ಒಂದೇ ಥರ ಏರಿಸಲ್ಲ, ಅದು ನಿಜ. ಎಚ್‌ಡಿಎಲ್ ಏರುವುದೂ ನಿಜ. ಅದು ಹೃದಯ ಕಾಯುತ್ತೆ ಅನ್ನುವುದು ಮಾತ್ರ ನಿಮ್ಮ ಊಹೆ. ಲಿವರ್ ಸ್ಕ್ಯಾನ್ ಯಾವಾಗ ಮಾಡಿಸಿದ್ದೀರಿ?

ಕುಂದಾಪುರ ಮಸ್ಕತ್: ಎಲ್ಲರೂ ಟ್ರೈಗ್ಲಿಸರೈಡ್ ಅಂದ ಕೂಡಲೇ ಕುಡುಕ ಅಂತೀರಲ್ಲ, ಅದು ನನಗೆ ತುಂಬಾ ನೋವು ಕೊಟ್ಟ ಮಾತು. ನಾನು ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಕಂಪನಿ ಮೆಡಿಕಲ್‌ನಲ್ಲಿ 690 ಬಂತು. ಎಷ್ಟು ಕುಡಿತೀಯ ಅಂತ ಡಾಕ್ಟರ್ ಮೂರು ಸಲ ಕೇಳಿದರು, ನಾನು ಸುಳ್ಳು ಹೇಳ್ತಿದ್ದೇನೆ ಅನ್ನೋ ಮುಖ. ಕೊನೆಗೆ ಸಕ್ಕರೆ ನೋಡಿದರೆ ಎಚ್‌ಬಿಎ1ಸಿ 10.8. ಅಪ್ಪನಿಗೂ ಟ್ರೈಗ್ಲಿಸರೈಡ್ ಇತ್ತಂತೆ, ಯಾರೂ ಹೇಳಿರಲಿಲ್ಲ. ಇನ್ಸುಲಿನ್ ಶುರು ಮಾಡಿದ ಮೇಲೆ ನಾಲ್ಕು ತಿಂಗಳಲ್ಲಿ 260. ಈಗ ರೋಸುವಾ 10, ಫೆನೋಫೈಬ್ರೇಟ್ 145 ಎರಡೂ ಇವೆ. ಶಿವಮೊಗ್ಗದವರೇ, ಕುಡಿತ ಒಂದನ್ನೇ ಹಿಡಿದು ಕೂರಬೇಡಿ, ಸಕ್ಕರೆನೂ ನೋಡಿಸಿ.

ಕೋಲಾರ 67: ಅದೇ ನಾನೂ ಹೇಳಿದ್ದು, ಕುಡಿತ ಅಲ್ಲ ಕಾರಣ.

ಕುಂದಾಪುರ ಮಸ್ಕತ್: ನಾನು ಹಾಗೆ ಹೇಳಲಿಲ್ಲ. ನನ್ನ ಮಾತು ನಿಮ್ಮ ಬಾಟಲಿಗೆ ಸಾಕ್ಷಿ ಮಾಡಬೇಡಿ.

ಕೋಲಾರ 67: ದಾವಣಗೆರೆ ಅಣ್ಣ, ನಿಮ್ಮ ತಪ್ಪು ಒಂದೇ. ಡಾಕ್ಟರ್ ಹತ್ತಿರ ಕುಡಿತೀನಿ ಅಂತ ಹೇಳಬಾರದಿತ್ತು. ವಿಮೆ ಸಿಕ್ಕಿರೋದು.

ದಾವಣಗೆರೆ ಹತ್ತಿ: ಹೇಳದಿದ್ದರೆ ಏನಾಗ್ತಿತ್ತು ಗೊತ್ತಾ? ಐಸಿಯುನಲ್ಲಿ ಎರಡನೇ ರಾತ್ರಿ ಕೈ ನಡುಗೋಕೆ ಶುರುವಾಯ್ತು, ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣ್ತು. ಕುಡಿತ ಹಠಾತ್ತಾಗಿ ನಿಂತದ್ದಕ್ಕೆ ಅಂತ ಅವರಿಗೆ ಗೊತ್ತಿತ್ತು, ತಕ್ಷಣ ಔಷಧಿ ಕೊಟ್ಟರು. ದುಡ್ಡು ಹೋದದ್ದಕ್ಕೆ ಈಗಲೂ ಉರಿಯುತ್ತೆ. ಆದರೆ ಆ ಮಾತು ಹೇಳಿದ್ದಕ್ಕೆ ಬದುಕಿದ್ದೇನೆ. ಇಂಥ ಸಲಹೆ ಇಲ್ಲಿ ಕೊಡಬೇಡಿ.

ಶಿವಮೊಗ್ಗ 41: ಇಪ್ಪತ್ತಮೂರು ದಿನ ಮುಟ್ಟಲಿಲ್ಲ, ಮಾತ್ರೆ ಒಂದೂ ಬಿಡಲಿಲ್ಲ. ಇವತ್ತು ರಿಪೋರ್ಟ್ ಬಂತು. ಟೋಟಲ್ 170, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 188. ಆದರೆ ಎಲ್‌ಡಿಎಲ್ 94! 80 ಇದ್ದದ್ದು ಏರಿದೆ. ಸಕ್ಕರೆ ನಾರ್ಮಲ್, ಜಿಜಿಟಿ ಸ್ವಲ್ಪ ಜಾಸ್ತಿ. ಇದೇನು ಹೊಸ ತಲೆನೋವು?

ಹುಬ್ಬಳ್ಳಿ ಲ್ಯಾಬ್: ಹಳೆಯ 80 ನಂಬುವ ಅಂಕಿ ಅಲ್ಲ ಅಂದಿದ್ದೆನಲ್ಲ ಸರ್. ಈ 94 ನಂಬಬಹುದು. ಟೋಟಲ್‌ನಲ್ಲಿ ಎಚ್‌ಡಿಎಲ್ ಒಂದನ್ನೇ ಕಳೆದು ನೋಡಿ. ಮೊದಲು 162 ಇತ್ತು, ಈಗ 132. ಇಳಿದಿದೆ. ಟ್ರೈಗ್ಲಿಸರೈಡ್ ಇಳಿಯುವಾಗ ಕೆಲವರಿಗೆ ಎಲ್‌ಡಿಎಲ್ ನಿಜವಾಗಿಯೂ ಸ್ವಲ್ಪ ಏರುವುದುಂಟು. ನಿಮ್ಮದರಲ್ಲಿ ಅದೆಷ್ಟು, ಲೆಕ್ಕದ ತಪ್ಪೆಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ. ಡೋಸ್ 10 ಸಾಕಾ ಅನ್ನುವುದನ್ನು ಈಗ ಈ ಕಾಗದ ಹಿಡಿದು ಡಾಕ್ಟರನ್ನು ಕೇಳಿ.

ಶಿವಮೊಗ್ಗ 41: ಸೋಮವಾರ ಹೋಗ್ತೇನೆ. ಶನಿವಾರ ಗೆಳೆಯರ ಜೊತೆ ಕೂತು ಸೋಡಾ ಕುಡಿಯುವುದೇ ಕಷ್ಟ ಆಗಿದೆ, ನಿಜ ಹೇಳಬೇಕೆಂದರೆ.

ಅಮ್ಮನ ಮಗಳು: ಮೆಡಿಕಲ್ ಅಣ್ಣ, ನೀವು ಹೇಳಿದ ಹಾಗೆ ಥೈರಾಯ್ಡ್ ಮಾಡಿಸಿದೆ. ಟಿಎಸ್‌ಎಚ್ 18 ಬಂದಿದೆ, ಅಂದರೆ ಥೈರಾಯ್ಡ್ ಕಡಿಮೆ ಇದೆ. ಎರಡು ಸಲ ಮೂಳೆ ಡಾಕ್ಟರ್ ಹತ್ತಿರ ಹೋದರೂ ಯಾರೂ ಇದನ್ನು ಬರೆಯಲಿಲ್ಲ. ನಾಳೆಯಿಂದ ಅಮ್ಮನಿಗೆ ಥೈರಾಯ್ಡ್ ಮಾತ್ರೆ ಶುರು, ಅಟೋರ್ವಾ ಸದ್ಯಕ್ಕೆ ನಿಲ್ಲಿಸಿದ್ದಾರೆ. ತೊಡೆ ನೋವು ಹೋಗುತ್ತಾ ಅಂತ ಆರು ವಾರ ಬಿಟ್ಟು ಬಂದು ಬರೆಯುತ್ತೇನೆ.